ಶೇ. 5ರ ಬದಲು ಶೇ. 12 ತೆರಿಗೆ ಹಾಕಿದ ಬಿಲ್: ಗ್ರಾಹಕರಿಗೆ ಹೇಗೆ ತಿಳಿಸಬೇಕು, ತಿದ್ದಿದ ಬಿಲ್ ಕೊಡಬಹುದೇ?

ರಟ್ಟಿನ_ಪೆಟ್ಟಿಗೆ (ಹುಬ್ಬಳ್ಳಿ) · 4 ನವೆಂಬರ್ 2025, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ. ಸೆಪ್ಟೆಂಬರ್ 22ರಿಂದ ಪೆಟ್ಟಿಗೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದದ್ದು ನಮಗೆ ತಿಳಿದಿತ್ತು. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಅಳತೆಯ ಪೆಟ್ಟಿಗೆಗೆ ಮಾತ್ರ ದರ ಬದಲಾಯಿಸುವುದನ್ನು ನಮ್ಮ ಹುಡುಗ ಮರೆತಿದ್ದ. ಅದೇ ಅಳತೆಯ ಪೆಟ್ಟಿಗೆಯನ್ನು ಬ್ಯಾಡಗಿಯ ಖಾರದ ಪುಡಿ ಕಾರ್ಖಾನೆಯೊಂದಕ್ಕೆ ಕಳುಹಿಸುತ್ತೇವೆ.

ಈಗ ಆ ಕಾರ್ಖಾನೆಯ ಲೆಕ್ಕದವರು ಎರಡು ಬಿಲ್‌ಗಳನ್ನು ಹಿಡಿದುಕೊಂಡು ಫೋನ್ ಮಾಡಿದ್ದಾರೆ. ಬಿಲ್ 118ರ ದಿನಾಂಕ ಸೆಪ್ಟೆಂಬರ್ 20. ಪೆಟ್ಟಿಗೆಗೆ 16 ರೂಪಾಯಿಯಂತೆ 3,000 ಪೆಟ್ಟಿಗೆಗೆ 48,000 ರೂಪಾಯಿ, ತೆರಿಗೆ 5,760. ಬಿಲ್ 121ರ ದಿನಾಂಕ ಸೆಪ್ಟೆಂಬರ್ 25. 5,000 ಪೆಟ್ಟಿಗೆಗೆ 80,000 ರೂಪಾಯಿ, ತೆರಿಗೆ 9,600. ಎರಡರ ಹಣವನ್ನೂ ಅಕ್ಟೋಬರ್ 10ರಂದು ಒಟ್ಟಿಗೆ, ಒಂದು ರೂಪಾಯಿಯನ್ನೂ ಹಿಡಿಯದೆ ಕೊಟ್ಟಿದ್ದಾರೆ. ನಾವು ಸೆಪ್ಟೆಂಬರ್ ತಿಂಗಳ ಜಿಎಸ್‌ಟಿಆರ್-1 ಮತ್ತು 3ಬಿ ಎರಡನ್ನೂ ಸಲ್ಲಿಸಿ ತೆರಿಗೆ ಕಟ್ಟಿಯೂ ಆಗಿದೆ.

ಎರಡಕ್ಕೂ ಅದೇ ನಂಬರಿನಲ್ಲಿ ಶೇ. 5 ಹಾಕಿದ ರಿವೈಸ್ಡ್ ಇನ್‌ವಾಯ್ಸ್ ಕಳುಹಿಸಿ, ವ್ಯತ್ಯಾಸದ ಹಣ ಮರಳಿಸಿ ಎಂಬುದು ಅವರ ಬೇಡಿಕೆ. ಹಣ ಮರಳಿಸುವುದಕ್ಕೆ ನಮ್ಮ ತಕರಾರಿಲ್ಲ, ಹತ್ತು ವರ್ಷದ ಗ್ರಾಹಕರು. ಆದರೆ ಅದೇ ನಂಬರಿನಲ್ಲಿ ಇನ್ನೊಂದು ಬಿಲ್ ಮಾಡಬಹುದೇ? ಅವರಿಗೆ ಬರೆದು ತಿಳಿಸುವಾಗ ಏನೇನು ಬರೆಯಬೇಕು?

ಪೀಣ್ಯದವನು · 10:31

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಬಿಲ್ ತೆರೆದು ದರ ಬದಲಾಯಿಸಿ, ಮೇಲೆ ‘ರಿವೈಸ್ಡ್’ ಎಂದು ಮುದ್ರೆ ಒತ್ತಿ ಮೇಲ್ ಮಾಡಿ. ಹಳೆಯ ಬಿಲ್ ಹರಿದು ಹಾಕಿ ಎಂದು ಅವರಿಗೆ ಹೇಳಿ. ನಾವು ಇಷ್ಟು ವರ್ಷ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ, ಯಾರೂ ಕೇಳಿಲ್ಲ.

ಖರೀದಿ_ಕಡೆಯವ · 10:44

ಪೀಣ್ಯದವರೇ, ನಿಮ್ಮಂಥವರ ಬಿಲ್‌ಗಳನ್ನು ಹೊಂದಿಸುವುದೇ ನನ್ನ ದಿನನಿತ್ಯದ ಕೆಲಸ. ನೀವು ಬಿಲ್ ಬದಲಾಯಿಸುತ್ತೀರಿ, ಪೋರ್ಟಲ್‌ನಲ್ಲಿ ಹಳೆಯ ಮೊತ್ತವೇ ಕುಳಿತಿರುತ್ತದೆ. ಮಾರುವವರ ರಿಟರ್ನ್‌ನಿಂದ ತಯಾರಾಗುವ ನನ್ನ 2ಬಿ ಪಟ್ಟಿಯಲ್ಲಿ 9,600, ಕೈಯಲ್ಲಿರುವ ಕಾಗದದಲ್ಲಿ 4,000. ಆಡಿಟ್ ಬಂದಾಗ ಯಾವುದನ್ನು ತೋರಿಸಲಿ?

ಕರ_ಸಲಹೆಗಾರ್ತಿ (ದಾವಣಗೆರೆ) · 11:20

ಪೆಟ್ಟಿಗೆಯವರೇ, ಮೊದಲು ಆ ‘ರಿವೈಸ್ಡ್ ಇನ್‌ವಾಯ್ಸ್’ ಎಂಬ ಮಾತನ್ನು ಬದಿಗಿಡೋಣ. ಜಿಎಸ್‌ಟಿ ಕಾಯ್ದೆಯಲ್ಲಿ ಆ ಹೆಸರಿನ ದಾಖಲೆ ಇರುವುದು ನಿಜ, ಆದರೆ ಅದು ಇರುವುದು ಹೊಸದಾಗಿ ನೋಂದಣಿ ಪಡೆದವರಿಗೆ. ನೋಂದಣಿ ಜಾರಿಗೆ ಬಂದ ದಿನದಿಂದ ಪ್ರಮಾಣಪತ್ರ ಕೈಗೆ ಸಿಗುವ ದಿನದವರೆಗೆ ತೆರಿಗೆಯಿಲ್ಲದೆ ಕೊಟ್ಟ ಬಿಲ್‌ಗಳನ್ನು ತಿದ್ದಿ ಕೊಡುವುದಕ್ಕಾಗಿ 31ನೇ ಕಲಂ ಮಾಡಿಕೊಟ್ಟ ಅನುಕೂಲ ಅದು. ದರ ತಪ್ಪಾದರೆ, ಮೊತ್ತ ತಪ್ಪಾದರೆ ದಾರಿ ತೋರಿಸುವುದು 34ನೇ ಕಲಂ: ಹೆಚ್ಚು ಹಾಕಿದ್ದರೆ ಕ್ರೆಡಿಟ್ ನೋಟ್, ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್.

ಅದೇ ನಂಬರಿನಲ್ಲಿ ಎರಡನೆಯ ಬಿಲ್ ಮಾಡುವುದಂತೂ ಬೇಡ. ಒಂದು ಆರ್ಥಿಕ ವರ್ಷದಲ್ಲಿ ಒಂದು ನಂಬರಿಗೆ ಒಂದೇ ಬಿಲ್ ಇರಬೇಕು ಎಂಬುದು ನಿಯಮ. ಜಿಎಸ್‌ಟಿಆರ್-1 ಸಲ್ಲಿಸುವ ಮೊದಲೇ ತಪ್ಪು ಕಂಡಿದ್ದರೆ ಬಿಲ್ 121 ರದ್ದು ಮಾಡಿ, ಗ್ರಾಹಕರಿಂದ ಮೂಲ ಪ್ರತಿ ಹಿಂದಕ್ಕೆ ಪಡೆದು, ಹೊಸ ನಂಬರಿನಲ್ಲಿ ಸರಿಯಾದ ಬಿಲ್ ಕೊಟ್ಟು ಮುಗಿಸಬಹುದಿತ್ತು. ಜಿಎಸ್‌ಟಿಆರ್-1 ಸಲ್ಲಿಸಿ 3ಬಿ ಇನ್ನೂ ಬಾಕಿ ಇದ್ದಿದ್ದರೆ ಅದನ್ನು ತಿದ್ದಲು 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ಇತ್ತು. ನೀವು ಎರಡೂ ಬಾಗಿಲು ದಾಟಿ ಬಂದಿದ್ದೀರಿ.

ಉತ್ತರ ಮುಂದುವರಿಸುವ ಮೊದಲು ಎರಡು ಪ್ರಶ್ನೆ. ಸೆಪ್ಟೆಂಬರ್ 22ಕ್ಕೆ ಮುಂಚೆ ಅವರಿಂದ ಮುಂಗಡ ಏನಾದರೂ ಬಂದಿತ್ತೇ? ಪರ್ಚೇಸ್ ಆರ್ಡರ್‌ನಲ್ಲಿ 16 ರೂಪಾಯಿ ತೆರಿಗೆ ಸೇರಿ ಎಂದಿದೆಯೇ, ತೆರಿಗೆ ಪ್ರತ್ಯೇಕ ಎಂದಿದೆಯೇ?

ರಟ್ಟಿನ_ಪೆಟ್ಟಿಗೆ · 11:42

ಮುಂಗಡ ಇಲ್ಲ ಮೇಡಂ. ಆರ್ಡರ್‌ನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದು ಸ್ಪಷ್ಟವಾಗಿ ಬರೆದಿದೆ.

ಮೈಸೂರಿನ_ವಿನ್ಯಾಸಕ · 11:50

ನನ್ನದೂ ಇದೇ ಸಮಸ್ಯೆ. ಕಂಪನಿಯೊಂದಕ್ಕೆ ಲೋಗೋ ಮಾಡಿಕೊಟ್ಟು ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸಿದ್ದೆ, ಅದರಲ್ಲಿ 25,000ದ ಬದಲು 52,000 ಎಂದು ಬಿದ್ದಿದೆ. ಅವರು ಇನ್ನೂ ಹಣ ಕೊಟ್ಟಿಲ್ಲ. ನಾನೂ ಕ್ರೆಡಿಟ್ ನೋಟ್ ಮಾಡಬೇಕೇ?

ಕರ_ಸಲಹೆಗಾರ್ತಿ · 11:58

ವಿನ್ಯಾಸಕರೇ, ನಿಮ್ಮದು ಇದೇ ಸಮಸ್ಯೆಯಲ್ಲ. ಪ್ರೊಫಾರ್ಮಾ ಎಂಬುದು ಬೆಲೆ ತಿಳಿಸುವ ಕಾಗದವೇ ಹೊರತು ತೆರಿಗೆ ಬಿಲ್ ಅಲ್ಲ, ಅದನ್ನು ನೀವು ರಿಟರ್ನ್‌ನಲ್ಲಿ ತೋರಿಸಿಯೂ ಇರುವುದಿಲ್ಲ. ಹಿಂದಿನದನ್ನು ಪರಿಗಣಿಸಬೇಡಿ ಎಂದು ಒಂದು ಸಾಲು ಬರೆದು ಸರಿಯಾದ ಪ್ರೊಫಾರ್ಮಾ ಕಳುಹಿಸಿದರೆ ಮುಗಿಯಿತು. ಆದರೆ ಅವರು 52,000 ಕೊಟ್ಟುಬಿಡುವ ಮೊದಲು ಕಳುಹಿಸಿ.

ಮೈಸೂರಿನ_ವಿನ್ಯಾಸಕ · 12:03

ಧನ್ಯವಾದ ಮೇಡಂ. ಕೊಟ್ಟುಬಿಟ್ಟರೆ ಒಳ್ಳೆಯದೇ ಇತ್ತು ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಕರ_ಸಲಹೆಗಾರ್ತಿ · 12:35

ಪೆಟ್ಟಿಗೆಯವರೇ, ಈಗ ನಿಮ್ಮ ಎರಡು ಬಿಲ್‌ಗಳನ್ನು ಬೇರೆ ಬೇರೆ ಇಟ್ಟು ನೋಡಿ, ಏಕೆಂದರೆ ನನ್ನ ಪ್ರಕಾರ ತಪ್ಪಾಗಿರುವುದು ಒಂದೇ.

ದರ ಬದಲಾದಾಗ ಯಾವ ದರ ಹಾಕಬೇಕೆಂಬುದನ್ನು 14ನೇ ಕಲಂ ಮೂರು ಘಟನೆಗಳನ್ನು ನೋಡಿ ತೀರ್ಮಾನಿಸುತ್ತದೆ: ಸರಕು ಪೂರೈಕೆ, ಬಿಲ್, ಹಣ. ಬಾಯಲ್ಲಿ ಹೇಳುವಾಗ ನಾವು ‘ಮೂರರಲ್ಲಿ ಎರಡು’ ಎನ್ನುತ್ತೇವೆ. ಮೂರರಲ್ಲಿ ಎರಡು ಬದಲಾವಣೆಗೆ ಮುಂಚೆ ನಡೆದಿದ್ದರೆ ಹಳೆಯ ದರ, ಎರಡು ಆಮೇಲೆ ನಡೆದಿದ್ದರೆ ಹೊಸ ದರ. ಬಿಲ್ 121ರಲ್ಲಿ ಮೂರೂ ಸೆಪ್ಟೆಂಬರ್ 22ರ ನಂತರ ನಡೆದಿವೆ, ಹಾಗಾಗಿ ಶೇ. 5 ಆಗಬೇಕಿತ್ತು. ಬಿಲ್ 118ರಲ್ಲಿ ಸರಕೂ ಬಿಲ್ಲೂ ಸೆಪ್ಟೆಂಬರ್ 20ರದು, ಹಣ ಮಾತ್ರ ಅಕ್ಟೋಬರ್‌ನದು. ಅಲ್ಲಿ ಶೇ. 12 ಸರಿಯಾಗಿಯೇ ಇದೆ. ಗ್ರಾಹಕರು ಕೇಳಿದರೆಂದು ಸರಿಯಾದ ಬಿಲ್ ತಿದ್ದಲು ಹೋದರೆ ನಾಳೆ ಇಲಾಖೆಯವರು ಆ 3,360 ರೂಪಾಯಿಯನ್ನು ನಿಮ್ಮಿಂದಲೇ ಬಡ್ಡಿ ಸಮೇತ ಕೇಳಬಹುದು.

ಇನ್ನು 121ಕ್ಕೆ ಬರೋಣ. ಸರಿಯಾದ ತೆರಿಗೆ 4,000, ನೀವು ಹಾಕಿದ್ದು 9,600, ವ್ಯತ್ಯಾಸ 5,600. ರಾಜ್ಯದೊಳಗಿನ ವ್ಯವಹಾರವಾದ್ದರಿಂದ ಕೇಂದ್ರದ ಪಾಲು 2,800, ರಾಜ್ಯದ ಪಾಲು 2,800. ಅಷ್ಟಕ್ಕೆ ಒಂದು ಕ್ರೆಡಿಟ್ ನೋಟ್ ಮಾಡಿ. ಅದಕ್ಕೆ ತನ್ನದೇ ನಂಬರು ಮತ್ತು ಮಾಡುವ ದಿನದ ದಿನಾಂಕ ಇರಬೇಕು, ಮೈಮೇಲೆ ಬಿಲ್ 121, 25-09-2025 ಎಂಬ ಉಲ್ಲೇಖ ಇರಬೇಕು. ಇಂದು ಮಾಡಿದರೆ ಅದು ನವೆಂಬರ್ ತಿಂಗಳ ಜಿಎಸ್‌ಟಿಆರ್-1ರಲ್ಲಿ, ಅಂದರೆ ಡಿಸೆಂಬರ್ 11ರೊಳಗೆ ಸಲ್ಲಿಸುವುದರಲ್ಲಿ ಬರುತ್ತದೆ. ಅವಸರದಲ್ಲಿ ಅಕ್ಟೋಬರ್ ರಿಟರ್ನ್‌ಗೆ ತುರುಕಬೇಡಿ.

ಗ್ರಿಲ್_ಕೆಲಸ (ತುಮಕೂರು) · 1:15

ಹೆಚ್ಚು ಹಾಕಿದವರಿಗೆ ಕಷ್ಟ ಕಡಿಮೆ ಸ್ವಾಮಿ, ಕಡಿಮೆ ಹಾಕಿದವನ ಪಾಡು ಕೇಳಿ. ನಾವು ಕಬ್ಬಿಣದ ಗ್ರಿಲ್ ಮಾಡುವವರು, ತೆರಿಗೆ ಶೇ. 18. 2023ರ ಆಗಸ್ಟ್‌ನಲ್ಲಿ ಒಬ್ಬ ಕಂಟ್ರಾಕ್ಟರ್‌ಗೆ ಎರಡು ಲಕ್ಷದ ಬಿಲ್ ಮಾಡುವಾಗ ಕೈತಪ್ಪಿ ಶೇ. 12 ಹಾಕಿದ್ದೆ. ಗೊತ್ತಾದದ್ದು ಮುಂದಿನ ಮಾರ್ಚ್‌ನಲ್ಲಿ, ಲೆಕ್ಕ ಮುಗಿಸುವಾಗ. 12,000 ರೂಪಾಯಿಗೆ ಡೆಬಿಟ್ ನೋಟ್ ಮಾಡಿ ಕಳುಹಿಸಿದೆ. ಆತ ‘ಕೆಲಸ ಮುಗಿಯಿತು, ನಮ್ಮ ಲೆಕ್ಕವೂ ಮುಗಿಯಿತು, ಹೊಸ ಕಾಗದ ತರಬೇಡಿ’ ಎಂದುಬಿಟ್ಟ. ಅವನಿಗೂ ಆ ತೆರಿಗೆ ಇನ್‌ಪುಟ್ ಆಗಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಸಿಗುತ್ತಿತ್ತು, ಆದರೂ ಒಪ್ಪಲಿಲ್ಲ. ಕೊನೆಗೆ 12,000ವನ್ನೂ ಏಳು ತಿಂಗಳ ಬಡ್ಡಿ ಸುಮಾರು 1,260ವನ್ನೂ ನಾನೇ ಕೈಯಿಂದ ಕಟ್ಟಿದೆ. ಬಡ್ಡಿ ವರ್ಷಕ್ಕೆ ಶೇ. 18.

ಖರೀದಿ_ಕಡೆಯವ · 1:27

ನಿಮ್ಮ ಕಂಟ್ರಾಕ್ಟರ್ ಮಾಡಿದ್ದು ಸರಿಯಲ್ಲ. ಆದರೆ ಡೆಬಿಟ್ ನೋಟ್ ಒಂದೇ ಕಳುಹಿಸಿದಿರೋ, ಮೊದಲು ಮಾತನಾಡಿದಿರೋ? ಮಾರ್ಚ್ ಕೊನೆಯ ವಾರದಲ್ಲಿ ಪೂರ್ವಸೂಚನೆಯಿಲ್ಲದೆ ಬರುವ ಡೆಬಿಟ್ ನೋಟ್ ಕಂಡರೆ ನನಗೂ ಸಿಟ್ಟು ಬರುತ್ತದೆ.

ಗ್ರಿಲ್_ಕೆಲಸ · 1:30

ಮಾತನಾಡಿರಲಿಲ್ಲ. ವಾಟ್ಸ್ಯಾಪ್‌ನಲ್ಲಿ ಪಿಡಿಎಫ್ ಹಾಕಿದ್ದೆ, ಅಷ್ಟೇ.

ಪೀಣ್ಯದವನು · 1:48

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ 5,600ಕ್ಕೆ ಬರೀ ತೆರಿಗೆಯ ಕ್ರೆಡಿಟ್ ನೋಟ್ ಮಾಡಲು ನನ್ನ ಸಾಫ್ಟ್‌ವೇರ್ ಬಿಡುವುದಿಲ್ಲ. ಸರಕಿನ ಮೌಲ್ಯ ಹಾಕಿದರೆ ಮಾತ್ರ ಅದು ತೆರಿಗೆ ಲೆಕ್ಕ ಹಾಕುತ್ತದೆ. ಅದಕ್ಕಿಂತ ಇಡೀ ಬಿಲ್‌ಗೆ, ಅಂದರೆ 80,000 ಮತ್ತು 9,600ಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಹೊಸ ನಂಬರಿನಲ್ಲಿ 80,000 ಮತ್ತು 4,000ಕ್ಕೆ ಹೊಸ ಬಿಲ್ ಕೊಡುವುದು ಸುಲಭ. ಗ್ರಾಹಕರು ಬಯಸುವುದೂ ಶೇ. 5 ಎಂದು ಅಚ್ಚಾದ ಬಿಲ್ಲನ್ನೇ ಅಲ್ಲವೇ?

ಕರ_ಸಲಹೆಗಾರ್ತಿ · 2:10

ಇದನ್ನು ಮಾಡುವವರು ಬಹಳ ಜನರಿದ್ದಾರೆ, ನಿಮ್ಮದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸೆಪ್ಟೆಂಬರ್ 25ರಂದು ಹೊರಟ ಸರಕಿಗೆ ನವೆಂಬರ್ 4ರ ಬಿಲ್ ಸೃಷ್ಟಿಯಾಗುತ್ತದೆ. ಸರಕು ಹೊರಡುವ ಹೊತ್ತಿಗೆ ಬಿಲ್ ಇರಬೇಕು ಎಂಬ ನಿಯಮದ ಮುಂದೆ ಆ ಕಾಗದ ವಿಚಿತ್ರವಾಗಿ ಕಾಣುತ್ತದೆ. ಜೊತೆಗೆ ಸರಕೇ ಹಿಂದಿರುಗಿತೇನೋ ಎಂಬಂತೆ 89,600ರ ಕ್ರೆಡಿಟ್ ನೋಟ್ ಇಬ್ಬರ ಲೆಕ್ಕದಲ್ಲೂ ಕೂರುತ್ತದೆ. ದರ ಮಾತ್ರ ತಪ್ಪಾದಾಗ ಮೌಲ್ಯದ ಜಾಗದಲ್ಲಿ ಸೊನ್ನೆ ಹಾಕಿ ತೆರಿಗೆಯನ್ನಷ್ಟೇ ತುಂಬಲು ಪೋರ್ಟಲ್‌ನಲ್ಲಿ ಅವಕಾಶ ಇದೆ. ಸಾಫ್ಟ್‌ವೇರ್ ಬಿಡದಿದ್ದರೆ ಪೋರ್ಟಲ್‌ನಲ್ಲಿ ನೇರವಾಗಿ ಕೈಯಿಂದ ತುಂಬಿ.

ಖರೀದಿ_ಕಡೆಯವ · 2:22

ನನ್ನ ಮಟ್ಟಿಗೆ ಪೀಣ್ಯದವರ ದಾರಿಯೇ ವಾಸಿ. ಸೊನ್ನೆ ಮೌಲ್ಯದ ಕ್ರೆಡಿಟ್ ನೋಟ್ ಬಂದರೆ ನಮ್ಮ ವ್ಯವಸ್ಥೆ ಅದನ್ನು ಯಾವ ಖರೀದಿಗೂ ಜೋಡಿಸದೆ ಹೊರಗಿಡುತ್ತದೆ, ಆಮೇಲೆ ನಾನು ಕುಳಿತು ಜೋಡಿಸಬೇಕು. ಪೂರ್ತಿ ತೆಗೆದು ಪೂರ್ತಿ ಹಾಕಿದರೆ ಎರಡೂ ಹೊಂದುತ್ತವೆ. ಮೇಡಂ ಕಾನೂನಿನ ಕಡೆಯಿಂದ ಹೇಳುತ್ತಿದ್ದಾರೆ, ನಾನು ಮೇಜಿನ ಕಡೆಯಿಂದ.

ನಿವೃತ್ತ_ಗುಮಾಸ್ತ (ಗದಗ) · 2:40

ಇಬ್ಬರೂ ಮೂರನೆಯ ದಾರಿಯನ್ನು ಮರೆತಿದ್ದೀರಿ. ಜಿಎಸ್‌ಟಿಆರ್-1ರಲ್ಲಿ ಹಿಂದಿನ ತಿಂಗಳ ಬಿಲ್ ತಿದ್ದುವ 9ಎ ಕೋಷ್ಟಕ ಇದೆಯಲ್ಲ. ಅಕ್ಟೋಬರ್ ರಿಟರ್ನ್ ನವೆಂಬರ್ 11ರೊಳಗೆ ಹೋಗಬೇಕು, ಅದರಲ್ಲಿಯೇ ಬಿಲ್ 121ರ ದರ ತಿದ್ದಿ ಶೇ. 5 ಮಾಡಿದರೆ ಯಾವ ನೋಟೂ ಬೇಡ. ವ್ಯಾಟ್ ಕಾಲದಲ್ಲಿ ರಿಟರ್ನ್ ತಿದ್ದಬೇಕೆಂದರೆ ಕಚೇರಿಯ ಮೆಟ್ಟಿಲು ಹತ್ತಿ ಸಾಹೇಬರ ಮುಂದೆ ನಿಲ್ಲಬೇಕಿತ್ತು, ಈಗಿನವರಿಗೆ ಕುಳಿತಲ್ಲೇ ತಿದ್ದುವ ಸೌಕರ್ಯ ಇದ್ದೂ ಬಳಸುವುದಿಲ್ಲ.

ಕರ_ಸಲಹೆಗಾರ್ತಿ · 3:05

ಮರೆತಿಲ್ಲ ಸರ್. ಟೈಪ್ ಮಾಡುವಾಗ ಆದ ತಪ್ಪಿಗೆ, ಅಂದರೆ ಬಿಲ್ ಸರಿಯಿದ್ದು ರಿಟರ್ನ್‌ನಲ್ಲಿ ತಪ್ಪು ಬಿದ್ದಿದ್ದರೆ 9ಎ ಸರಿಯಾದ ಜಾಗ. ಇಲ್ಲಿ ರಿಟರ್ನ್ ಬಿಲ್ಲಿನಂತೆಯೇ ಇದೆ, ತಪ್ಪಿರುವುದು ಬಿಲ್ಲಿನಲ್ಲಿ. ಗ್ರಾಹಕರ ಕೈಯಲ್ಲಿ ಶೇ. 12ರ ಕಾಗದ ಇರುವಾಗ ರಿಟರ್ನ್‌ನಲ್ಲಿ ಮಾತ್ರ ಶೇ. 5 ಮಾಡಿದರೆ, ಪೀಣ್ಯದವರ ‘ರಿವೈಸ್ಡ್’ ಮುದ್ರೆಯ ಕಥೆ ತಲೆಕೆಳಗಾಗಿ ನಡೆದಂತಾಗುತ್ತದೆ. ಕೆಲವು ಸಿಎಗಳು 9ಎ ಸಾಕು ಎನ್ನುತ್ತಾರೆ, ಅವರೊಡನೆ ನಾನು ವಾದ ಮಾಡಿದ್ದೇನೆ, ಯಾರೂ ಸೋತಿಲ್ಲ.

ನಿವೃತ್ತ_ಗುಮಾಸ್ತ · 3:12

ಅದು ಒಪ್ಪತಕ್ಕ ಮಾತು. ಬಿಲ್ ತಪ್ಪೋ, ದಾಖಲೆ ತಪ್ಪೋ ಎಂಬುದನ್ನು ನಾನು ಬೇರ್ಪಡಿಸಿ ನೋಡಿರಲಿಲ್ಲ.

ರಟ್ಟಿನ_ಪೆಟ್ಟಿಗೆ · 3:30

ಒಂದು ಸಂದೇಹ. ನಾವು 9,600 ವಸೂಲಿ ಮಾಡಿ 9,600ವನ್ನೇ ಸರ್ಕಾರಕ್ಕೆ ಕಟ್ಟಿದ್ದೇವೆ, ಅವರೂ 9,600ವನ್ನೇ ಇನ್‌ಪುಟ್ ತೆಗೆದುಕೊಂಡಿದ್ದಾರೆ. ಯಾರ ಜೇಬಿನಿಂದಲೂ ಏನೂ ಹೋಗಿಲ್ಲ. ಹಾಗಾದರೆ ಬಿಟ್ಟುಬಿಟ್ಟರೆ ಏನಾಗುತ್ತದೆ ಎಂದು ನಮ್ಮ ತಮ್ಮ ಕೇಳುತ್ತಿದ್ದಾನೆ.

ಖರೀದಿ_ಕಡೆಯವ · 3:41

ನಿಮ್ಮ ತಮ್ಮನಿಗೆ ಹೇಳಿ: ಶೇ. 5ರ ಸರಕಿಗೆ ಶೇ. 12ರ ಇನ್‌ಪುಟ್ ತೆಗೆದುಕೊಂಡದ್ದು ಏಕೆ ಎಂಬ ಪ್ರಶ್ನೆ ಬರುವುದು ನಮಗೆ, ನಿಮಗಲ್ಲ. ಜೊತೆಗೆ ಇನ್‌ಪುಟ್ ಪಡೆಯಲು ಬಾರದ ಗ್ರಾಹಕರಿಗೆ, ಉದಾಹರಣೆಗೆ ಒಂದು ಆಸ್ಪತ್ರೆಗೋ ಶಾಲೆಗೋ ಪೆಟ್ಟಿಗೆ ಮಾರಿದ್ದರೆ ಆ 5,600 ಅವರ ಜೇಬಿನಿಂದಲೇ ಹೋದ ಹಣ.

ಕರ_ಸಲಹೆಗಾರ್ತಿ · 4:02

ಹೌದು. ನಿಮ್ಮ ಗ್ರಾಹಕರೇ ತಪ್ಪನ್ನು ಕಂಡು ಕೇಳಿರುವಾಗ ಬಿಟ್ಟುಬಿಡುವ ಮಾತೇ ಇಲ್ಲ.

ಇನ್ನೊಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಕ್ರೆಡಿಟ್ ನೋಟ್‌ನಿಂದ ನಿಮ್ಮ ತೆರಿಗೆ ಕಡಿಮೆಯಾಗಬೇಕಾದರೆ ಎರಡು ನಡೆಯಬೇಕು. ಅವರಿಂದ ವಸೂಲಾದ 5,600 ಅವರಿಗೆ ಮರಳಬೇಕು, ಏಕೆಂದರೆ ತೆರಿಗೆಯ ಹೊರೆ ಇನ್ನೊಬ್ಬರ ಮೇಲೆ ಉಳಿದಿರುವಾಗ ನೀವು ಕಡಿತ ಪಡೆಯುವಂತಿಲ್ಲ. ಅವರು ತೆಗೆದುಕೊಂಡಿದ್ದ ಹೆಚ್ಚುವರಿ ಇನ್‌ಪುಟ್ ಅನ್ನೂ ಹಿಂದಿರುಗಿಸಬೇಕು. ನೀವು ನೋಟ್ ದಾಖಲಿಸಿದ ಮೇಲೆ ಅದು ಪೋರ್ಟಲ್‌ನಲ್ಲಿ ಅವರ ಐಎಂಎಸ್ ಪುಟದಲ್ಲಿ, ಅಂದರೆ ಬಂದ ಬಿಲ್ಲು, ನೋಟುಗಳನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಜಾಗದಲ್ಲಿ ಕಾಣುತ್ತದೆ. ಅವರು ಒಪ್ಪಿದರೆ ಅವರ ಇನ್‌ಪುಟ್‌ನಿಂದ 5,600 ಇಳಿಯುತ್ತದೆ. ವಿಷಯ ತಿಳಿಯದೆ ತಿರಸ್ಕರಿಸಿದರೆ ಆ ಮೊತ್ತ ಮತ್ತೆ ನಿಮ್ಮ ಹೊಣೆಗೆ ಬಂದು ಕೂರುತ್ತದೆ. ಅದಕ್ಕಾಗಿಯೇ ನೋಟ್ ಹೋಗುವ ಮೊದಲು ಪತ್ರ ಹೋಗಬೇಕು, ಪತ್ರ ಹೋಗುವ ಮೊದಲು ಫೋನ್ ಹೋಗಬೇಕು ಎಂದು ನಾನು ಹೇಳುವುದು.

ಗ್ರಿಲ್_ಕೆಲಸ · 4:10

ಇದನ್ನು ಯಾರಾದರೂ ನನಗೆ 2024ರ ಮಾರ್ಚ್‌ನಲ್ಲಿ ಹೇಳಿದ್ದರೆ 13,260 ಉಳಿಯುತ್ತಿತ್ತು.

ಖರೀದಿ_ಕಡೆಯವ · 4:38

ಪತ್ರದ ಬಗ್ಗೆ ಪಡೆಯುವವನಾಗಿ ನಾನು ಹೇಳಬಲ್ಲೆ. ದೊಡ್ಡ ಕ್ಷಮಾಪಣೆ ಬೇಡ, ಸಾಫ್ಟ್‌ವೇರ್‌ನ ಕಥೆಯೂ ಬೇಡ. ಯಾವ ಬಿಲ್, ಏನು ಅಚ್ಚಾಗಿತ್ತು, ಏನು ಆಗಬೇಕಿತ್ತು, ಎಷ್ಟು ವ್ಯತ್ಯಾಸ, ನಾನು ಯಾವ ತಿಂಗಳು ಏನು ಮಾಡಬೇಕು, ಹಣ ಹೇಗೆ ಬರುತ್ತದೆ, ಇಷ್ಟು ಸಿಕ್ಕರೆ ಸಾಕು. ಉದಾಹರಣೆಗೆ ಹೀಗೆ ಬರೆಯಬಹುದು:

‘ಮಾನ್ಯರೇ, ದಿನಾಂಕ 25-09-2025ರ ನಮ್ಮ ಬಿಲ್ 121ರಲ್ಲಿ 80,000 ರೂಪಾಯಿ ಮೌಲ್ಯದ ಪೆಟ್ಟಿಗೆಗಳಿಗೆ ಶೇ. 5ರ ಬದಲು ಶೇ. 12ರಂತೆ 9,600 ರೂಪಾಯಿ ಜಿಎಸ್‌ಟಿ ಹಾಕಲಾಗಿದೆ. ಸರಿಯಾದ ತೆರಿಗೆ 4,000 ರೂಪಾಯಿ. ಪೆಟ್ಟಿಗೆಗಳ ಸಂಖ್ಯೆ, ಬೆಲೆ ಮತ್ತು ಒಟ್ಟು ಮೌಲ್ಯದಲ್ಲಿ ಬದಲಾವಣೆಯಿಲ್ಲ. ಹೆಚ್ಚಾಗಿ ಹಾಕಿದ 5,600 ರೂಪಾಯಿಗೆ ಕ್ರೆಡಿಟ್ ನೋಟ್ ಲಗತ್ತಿಸಿದ್ದೇವೆ. ಇದನ್ನು ನಮ್ಮ ನವೆಂಬರ್ ತಿಂಗಳ ಜಿಎಸ್‌ಟಿಆರ್-1ರಲ್ಲಿ ತೋರಿಸುತ್ತೇವೆ. ಐಎಂಎಸ್‌ನಲ್ಲಿ ಇದು ಕಂಡಾಗ ದಯವಿಟ್ಟು ಒಪ್ಪಿಕೊಂಡು ನಿಮ್ಮ ಇನ್‌ಪುಟ್ ಅನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿಕೊಳ್ಳಬೇಕು. 5,600 ರೂಪಾಯಿಯನ್ನು ನಿಮ್ಮ ಬ್ಯಾಂಕ್ ಖಾತೆಗೆ ಮರಳಿಸಬೇಕೇ, ಮುಂದಿನ ಬಿಲ್‌ನಲ್ಲಿ ಹೊಂದಿಸಬೇಕೇ ಎಂದು ತಿಳಿಸಿದರೆ ಹಾಗೆಯೇ ಮಾಡುತ್ತೇವೆ.’

ಮೂಲ ಬಿಲ್ ರದ್ದಾಗಿಲ್ಲ, ಕ್ರೆಡಿಟ್ ನೋಟ್ ಜೊತೆ ಸೇರಿಸಿ ಓದಿಕೊಳ್ಳಬೇಕು ಎಂಬ ಒಂದು ಸಾಲನ್ನೂ ಸೇರಿಸಿ. ಇಲ್ಲದಿದ್ದರೆ ನನ್ನಂಥವನು ಬಿಲ್ಲನ್ನೇ ತೆಗೆದುಹಾಕಿಬಿಡುತ್ತಾನೆ.

ಪೀಣ್ಯದವನು · 4:50

ಸಾಫ್ಟ್‌ವೇರ್‌ನ ಕಥೆ ಬೇಡ ಎಂದದ್ದು ಚೆನ್ನಾಗಿದೆ. ನಮ್ಮ ಪತ್ರಗಳೆಲ್ಲ ಅದರಿಂದಲೇ ಶುರುವಾಗುತ್ತವೆ.

ರಟ್ಟಿನ_ಪೆಟ್ಟಿಗೆ · 6 ನವೆಂಬರ್, ಬೆಳಿಗ್ಗೆ 9:40

ನಿನ್ನೆ ಬ್ಯಾಡಗಿಗೆ ಫೋನ್ ಮಾಡಿ ಮಾತನಾಡಿದೆ, ನಂತರ ಪತ್ರವನ್ನೂ ಕ್ರೆಡಿಟ್ ನೋಟನ್ನೂ ಕಳುಹಿಸಿದೆ. ಮೇಡಂ ಹೇಳಿದ ಹಾಗೆ ತೆರಿಗೆಯದ್ದಷ್ಟೇ ನೋಟ್ ಮಾಡಿದೆ. 121ರ ವಿಷಯ ಅವರು ಒಪ್ಪಿದ್ದಾರೆ, 5,600 ಮುಂದಿನ ಬಿಲ್‌ಗೆ ಹೊಂದಿಸಿ ಎಂದಿದ್ದಾರೆ.

ಆದರೆ 118ನ್ನು ಬಿಡುತ್ತಿಲ್ಲ. ಸೆಪ್ಟೆಂಬರ್ 20 ಶನಿವಾರವಾಗಿತ್ತು. ನಮ್ಮಲ್ಲಿ ಅಂದು ಸಂಜೆ ಲೋಡ್ ಆಗಿ ಗಾಡಿ ಹೊರಟಿತು, ಭಾನುವಾರ ಅವರ ಕಾರ್ಖಾನೆಗೆ ರಜೆ, ಅನ್‌ಲೋಡ್ ಆಗಿದ್ದು ಸೋಮವಾರ 22ರಂದು. ಅವರ ಗೇಟಿನ ಪುಸ್ತಕದಲ್ಲಿಯೂ 22 ಎಂದೇ ಇದೆ. ‘ಸರಕು ನಮಗೆ ಮುಟ್ಟಿದ್ದೇ 22ಕ್ಕೆ, ಹಣ ಕೊಟ್ಟದ್ದು ಅಕ್ಟೋಬರ್‌ಗೆ, ಮೂರರಲ್ಲಿ ಎರಡು ಹೊಸ ದರದ ಕಡೆಗಿವೆ, ನಿಮ್ಮ ಲೆಕ್ಕದಂತೆಯೇ ಶೇ. 5 ಆಗಬೇಕು’ ಎನ್ನುತ್ತಿದ್ದಾರೆ. ನಾನು ಫೋನಿನಲ್ಲಿ ಹೇಳಿದ ‘ಮೂರರಲ್ಲಿ ಎರಡು’ ಸೂತ್ರವನ್ನು ನನ್ನ ಮೇಲೆಯೇ ತಿರುಗಿಸಿದ್ದಾರೆ.

ನಿವೃತ್ತ_ಗುಮಾಸ್ತ · 9:58

ಆ ಲೆಕ್ಕದವರನ್ನು ನಾನು ಕಾಣಬೇಕು. ಒಳ್ಳೆಯ ತಲೆ.

ಕರ_ಸಲಹೆಗಾರ್ತಿ · 10:25

ಒಳ್ಳೆಯ ವಾದ, ಆದರೆ ನಾನು ಒಪ್ಪುವುದಿಲ್ಲ. ಸರಕು ಸಾಗಣೆಯಾಗುವ ವ್ಯವಹಾರದಲ್ಲಿ ಕಾನೂನು ನೋಡುವುದು ಸರಕು ನಿಮ್ಮ ಜಾಗದಿಂದ ಹೊರಟ ಹೊತ್ತನ್ನು, ಬಿಲ್ ಕೊಡಬೇಕಾದದ್ದೂ ಆಗಲೇ. ಬಿಲ್ ಮೊತ್ತ 53,760 ಆಗಿರುವುದರಿಂದ ಇ-ವೇ ಬಿಲ್ ಮಾಡಿರಲೇಬೇಕು. ಅದರಲ್ಲಿ ಯಾವ ದಿನಾಂಕ, ಯಾವ ಸಮಯ ಇದೆ ನೋಡಿ. 20ರಂದೇ ಎಂದಿದ್ದರೆ ಅದರ ಪ್ರತಿಯನ್ನು ಪತ್ರದೊಂದಿಗೆ ಕಳುಹಿಸಿ, 118ರಲ್ಲಿ ತಪ್ಪಿಲ್ಲ, ಆದ್ದರಿಂದ ನೋಟ್ ಕೊಡಲಾಗದು ಎಂದು ಸೌಜನ್ಯದಿಂದಲೇ ಬರೆಯಿರಿ.

ಖರೀದಿ_ಕಡೆಯವ · 10:41

ಮೇಡಂ, ಪರ್ಚೇಸ್ ಆರ್ಡರ್‌ನಲ್ಲಿ ‘ನಮ್ಮ ಗೋದಾಮಿಗೆ ತಲುಪಿಸಿ ಕೊಡುವುದು’ ಎಂದಿದ್ದರೆ? ನಮ್ಮಲ್ಲಿ ಅನೇಕ ಆರ್ಡರ್‌ಗಳು ಹಾಗೆಯೇ ಇರುತ್ತವೆ. ದಾರಿಯಲ್ಲಿ ಪೆಟ್ಟಿಗೆ ನೆನೆದರೆ ನಷ್ಟ ಮಾರುವವರದು, ಅಂದರೆ ಸರಕು ಇನ್ನೂ ಅವರದೇ. ಅಂಥಲ್ಲಿ ಪೂರೈಕೆ ಪೂರ್ತಿಯಾಗುವುದು ನಮ್ಮ ಗೇಟಿನಲ್ಲಿ ಎಂದು ನಾನೂ ವಾದಿಸುತ್ತೇನೆ.

ಕರ_ಸಲಹೆಗಾರ್ತಿ · 10:56

ವಾದಿಸಬಹುದು. ಮಾಲೀಕತ್ವ ಯಾವಾಗ ಕೈಬದಲಾಯಿತು ಎಂಬ ಪ್ರಶ್ನೆ ಬೇರೆ, ತೆರಿಗೆಗೆ ಸರಕು ಯಾವಾಗ ಹೊರಟಿತು ಎಂಬ ಪ್ರಶ್ನೆ ಬೇರೆ ಎಂಬುದು ನನ್ನ ನಿಲುವು. ನನ್ನ ಕಕ್ಷಿದಾರರಾಗಿದ್ದರೆ 3,360 ರೂಪಾಯಿಗಾಗಿ ಈ ಜಗಳವನ್ನು ಇಲಾಖೆಯ ಮುಂದೆ ಒಯ್ಯಬೇಡಿ ಎನ್ನುತ್ತಿದ್ದೆ. ಅವರಿಗೂ ಆ 5,760 ಪೂರ್ತಿ ಇನ್‌ಪುಟ್ ಸಿಕ್ಕಿದೆ, ನಷ್ಟವೇನೂ ಆಗಿಲ್ಲ.

ಪೀಣ್ಯದವನು · 11:10

ಹಾಗಾದರೆ 118ಕ್ಕೆ ತೆರಿಗೆ ಮುಟ್ಟದೆ ಮುಂದಿನ ಆರ್ಡರ್‌ನಲ್ಲಿ ಪೆಟ್ಟಿಗೆಯ ಬೆಲೆ ಸ್ವಲ್ಪ ಇಳಿಸಿ ಕೊಡಿ. ವ್ಯಾಪಾರದಲ್ಲಿ ಹೊಂದಾಣಿಕೆ ಮಾಡಿಕೊಳ್ಳುವುದು ಬೇರೆ, ಕಾಗದ ತಿದ್ದುವುದು ಬೇರೆ. ನೋಡಿ, ನಾನೂ ಕಲಿತೆ.

ರಟ್ಟಿನ_ಪೆಟ್ಟಿಗೆ · 11:34

ಬೆಲೆ ಇಳಿಸುವಷ್ಟು ಎಲ್ಲಿ ಉಳಿದಿದೆ ಸರ್? ನಾವು ಕೊಳ್ಳುವ ಕ್ರಾಫ್ಟ್ ಕಾಗದಕ್ಕೆ ಶೇ. 18, ಮಾರುವ ಪೆಟ್ಟಿಗೆಗೆ ಶೇ. 5. ಇನ್‌ಪುಟ್ ಎಲ್ಲ ಲೆಡ್ಜರ್‌ನಲ್ಲಿ ರಾಶಿ ಬಿದ್ದಿದೆ. ಈಗ ಈ 5,600ವೂ ತೆರಿಗೆಯಿಂದ ಇಳಿದರೆ ಆ ರಾಶಿ ಇನ್ನಷ್ಟು ಬೆಳೆಯುತ್ತದೆ.

ಇ-ವೇ ಬಿಲ್ ತೆಗೆದು ನೋಡಿದೆ. 20ರ ಸಂಜೆ 6:52ಕ್ಕೆ ಆಗಿದೆ. ಆದರೆ ಆರ್ಡರ್‌ನಲ್ಲಿ ‘ಬ್ಯಾಡಗಿ ಗೋದಾಮಿನಲ್ಲಿ ಒಪ್ಪಿಸತಕ್ಕದ್ದು’ ಎಂದೇ ಇದೆ.

ಖರೀದಿ_ಕಡೆಯವ · 11:37

ನಾನು ಹೇಳಿರಲಿಲ್ಲವೇ?

ಕರ_ಸಲಹೆಗಾರ್ತಿ · 12:15

ಆರ್ಡರ್‌ನಲ್ಲಿ ಆ ಮಾತಿದ್ದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ, ಆದರೆ ಅವರ ಲೆಕ್ಕದವರು ಸುಮ್ಮನೆ ಹಟ ಮಾಡುತ್ತಿಲ್ಲ ಎಂಬುದನ್ನು ಒಪ್ಪುತ್ತೇನೆ. ಅವಸರವಿಲ್ಲ. ಈ ಆರ್ಥಿಕ ವರ್ಷದ ಬಿಲ್‌ಗಳಿಗೆ ಕ್ರೆಡಿಟ್ ನೋಟ್ ತೋರಿಸಲು 2026ರ ನವೆಂಬರ್ 30ರವರೆಗೆ, ಅಥವಾ ನೀವು ವಾರ್ಷಿಕ ರಿಟರ್ನ್ ಸಲ್ಲಿಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸಮಯವಿದೆ. 121ನ್ನು ಮುಗಿಸಿ. 118ರ ವಿಷಯವನ್ನು ನಿಮ್ಮ ಸಿಎ ಮತ್ತು ಅವರ ಸಿಎ ಇಬ್ಬರನ್ನೂ ಒಂದು ಫೋನ್‌ನಲ್ಲಿ ಕೂರಿಸಿ ಮಾತನಾಡಿಸಿ, ಬಂದ ತೀರ್ಮಾನವನ್ನು ಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಮೈಸೂರಿನ_ವಿನ್ಯಾಸಕ · 12:40

ಅಂದ ಹಾಗೆ ನನ್ನ ಗ್ರಾಹಕರು 52,000ವನ್ನೇ ಕಳುಹಿಸಿಬಿಟ್ಟಿದ್ದಾರೆ. ನನ್ನ ಮೇಲ್ ಅವರಿಗೆ ಹಣ ಹೋದ ಮೇಲೆ ತಲುಪಿದೆಯಂತೆ. ಇನ್ನೂ ತೆರಿಗೆ ಬಿಲ್ ಮಾಡಿಲ್ಲ.

ಕರ_ಸಲಹೆಗಾರ್ತಿ · 12:44

ಮಾಡದೇ ಇದ್ದದ್ದೇ ಒಳ್ಳೆಯದಾಯಿತು. 25,000ಕ್ಕೆ ಬಿಲ್ ಮಾಡಿ, ಉಳಿದದ್ದನ್ನು ಇಂದೇ ಮರಳಿಸಿ. ಅವರು ಟಿಡಿಎಸ್ ಹಿಡಿದಿದ್ದಾರೆಯೇ, ಹಿಡಿದಿದ್ದರೆ ಯಾವ ಮೊತ್ತದ ಮೇಲೆ ಎಂದು ಮಾತ್ರ ಮೊದಲು ಕೇಳಿಕೊಳ್ಳಿ.

ರಟ್ಟಿನ_ಪೆಟ್ಟಿಗೆ · 13 ಡಿಸೆಂಬರ್, ಸಂಜೆ 5:20

ತಡವಾಗಿ ಬರೆಯುತ್ತಿದ್ದೇನೆ. ನವೆಂಬರ್ ರಿಟರ್ನ್‌ನಲ್ಲಿ ನೋಟ್ ತೋರಿಸಿದೆವು, ನಿನ್ನೆ ಬ್ಯಾಡಗಿಯವರು ಐಎಂಎಸ್‌ನಲ್ಲಿ ಒಪ್ಪಿದ ಪರದೆಯ ಚಿತ್ರ ಕಳುಹಿಸಿದ್ದಾರೆ. 5,600ವನ್ನು ಅವರ ಮುಂದಿನ ಬಿಲ್‌ನ ಹಣದಲ್ಲಿ ಹೊಂದಿಸಿಯೂ ಆಯಿತು. 118ರ ಬಗ್ಗೆ ಇಬ್ಬರು ಸಿಎಗಳೂ ಒಮ್ಮೆ ಮಾತನಾಡಿದ್ದಾರೆ, ನಮ್ಮವರು 12 ಎನ್ನುತ್ತಾರೆ, ಅವರವರು 5 ಎನ್ನುತ್ತಾರೆ. ಮುಂದಿನ ಸೋಮವಾರ ಮತ್ತೆ ಮಾತನಾಡುತ್ತಾರಂತೆ. ಅಷ್ಟರಲ್ಲಿ ಅವರಿಂದ ಹೊಸ ಆರ್ಡರ್ ಬಂದಿದೆ, ಅದರಲ್ಲಿ ‘ಹುಬ್ಬಳ್ಳಿ ಘಟಕದಿಂದ ಸರಕು ಎತ್ತುವುದು’ ಎಂದು ಬರೆಸಿಕೊಂಡಿದ್ದೇನೆ.